ಹದಿನೈದು ದಿನಕ್ಕೊಮ್ಮೆಯೋ, ವಾರಕ್ಕೊಮ್ಮೆಯೋ, ಒಂದೊಂದಕ್ಕೆ ಒಂದೊಂದು ಲೆಕ್ಕವೋ: ಹಾಸಿಗೆಯ ಬಟ್ಟೆ ಒಗೆದು ನೋಡಿದ ಹೋಲಿಕೆ

1,250 ರೂಪಾಯಿ ಕೊಟ್ಟು ತಂದ ಮ್ಯಾಟ್ರೆಸ್ ಪ್ರೊಟೆಕ್ಟರ್ ಏಳನೆಯ ವಾರಕ್ಕೆ ಹಾವಿನ ಪೊರೆಯಂತೆ ಸುಲಿಯತೊಡಗಿದಾಗ, ಬೆಡ್‌ಶೀಟ್, ದಿಂಬಿನ ಕವರ್ ಮತ್ತು ಪ್ರೊಟೆಕ್ಟರ್ ಮೂರನ್ನೂ ಒಂದೇ ದಿನ ಒಂದೇ ನೀರಿಗೆ ಹಾಕುವ ನನ್ನ ಪದ್ಧತಿಯೇ ತಪ್ಪು ಎಂಬುದು ಖಾತ್ರಿಯಾಯಿತು. ಮೂರಕ್ಕೂ ಬೇರೆ ಬೇರೆ ದಿನ ಗೊತ್ತುಮಾಡುವುದೇ ನನಗೆ ಒಪ್ಪಿಗೆಯಾದ ಕ್ರಮ. ಉಳಿದೆರಡನ್ನು ಏಕೆ ಕೈಬಿಟ್ಟೆ ಎಂಬುದನ್ನು ಮಾತ್ರ ಇಲ್ಲಿ ವಿವರಿಸುತ್ತೇನೆ.

ನಾವು ಮಂಗಳೂರಿನ ಒಂದು ಫ್ಲ್ಯಾಟಿನಲ್ಲಿ ಇರುವವರು. ಒಂಬತ್ತು ವರ್ಷದ ಮಗನಿಗೆ ಬೆಳಿಗ್ಗೆ ಏಳುತ್ತಲೇ ಸಾಲುಸಾಲಾಗಿ ಸೀನು ಬರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಏನೂ ಇರುತ್ತಿರಲಿಲ್ಲ. ಚರ್ಮದ ಮೇಲೆ ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆಯಲ್ಲಿ ದೂಳುನುಸಿಯ ಜಾಗ ಮಾತ್ರ ಕೆಂಪಾಗಿ ಉಬ್ಬಿತು. ಈ ನುಸಿ ನಮ್ಮ ಕಡೆಯ ತೆಂಗಿನಕಾಯಿಗೆ ಬೀಳುವ ನುಸಿಯ ದೂರದ ನೆಂಟ. ಮಿಲಿಮೀಟರಿನ ಕಾಲುಭಾಗದಷ್ಟಿರುವ ಇದು ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟನ್ನು ತಿಂದು ಬದುಕುತ್ತದೆ. ಇದು ಕಚ್ಚುವುದಿಲ್ಲ, ಸೀನು ತರಿಸುವುದು ಮುಖ್ಯವಾಗಿ ಇದರ ಹಿಕ್ಕೆ. ನೀರನ್ನು ಗಾಳಿಯ ತೇವದಿಂದಲೇ ಹೀರಿಕೊಳ್ಳುವುದರಿಂದ ಆರ್ದ್ರತೆ ಶೇ. 50ರ ಕೆಳಗೆ ಬಹುಕಾಲ ನಿಂತರೆ ಇದು ಒಣಗಿ ಸಾಯುತ್ತದೆ, ಆದರೆ ಕರಾವಳಿಯಲ್ಲಿ ಆ ಭಾಗ್ಯವನ್ನು ಎದುರುನೋಡುವುದು ವ್ಯರ್ಥ.

ಒಂದೊಂದು ಕ್ರಮವನ್ನು ಎಂಟೆಂಟು ವಾರ ನಡೆಸಿ, ಮಗ ಐದಕ್ಕಿಂತ ಹೆಚ್ಚು ಬಾರಿ ಸೀನಿದ ಬೆಳಗುಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಇದು ಪ್ರಯೋಗಾಲಯದ ಲೆಕ್ಕವಲ್ಲ. ಎರಡನೆಯ ಕ್ರಮ ಆರಂಭವಾದ ವಾರವೇ ವೈದ್ಯರು ಮೂಗಿಗೆ ಹೊಡೆಯುವ ಸ್ಪ್ರೇಯನ್ನೂ ಕೊಟ್ಟಿದ್ದರಿಂದ ಕಂಡ ಸುಧಾರಣೆಯೆಲ್ಲ ಒಗೆತದಿಂದಲೇ ಬಂದದ್ದೆಂದು ನಾನು ಹೇಳಲಾರೆ.

ಹದಿನೈದು ದಿನಕ್ಕೊಮ್ಮೆ ಎಲ್ಲವನ್ನೂ ತಣ್ಣೀರಿನಲ್ಲಿ ಮೆಷಿನ್ನಿಗೆ ಹಾಕುವುದು ನಮ್ಮ ಮನೆಯ ಹಳೆಯ ರೂಢಿ. ಮೇಲಿಂದ ಬಟ್ಟೆ ಹಾಕುವ, ನೀರು ಕಾಯಿಸುವ ಸೌಲಭ್ಯವಿಲ್ಲದ ಮೆಷಿನ್ ನಮ್ಮದು. ಶ್ರಮ ಕಡಿಮೆ ಎಂಬುದೊಂದೇ ಈ ಕ್ರಮದ ಗುಣ. ಹಿಕ್ಕೆಯಲ್ಲಿರುವ ಅಲರ್ಜಿಯ ಅಂಶ ನೀರಿನಲ್ಲಿ ಕರಗುವಂಥದ್ದಾದ್ದರಿಂದ ತಣ್ಣೀರಿನ ಒಗೆತದಲ್ಲೂ ಅದರ ಬಹುಪಾಲು ಕೊಚ್ಚಿಹೋಗುತ್ತದೆ ನಿಜ. ಆದರೆ ನೂಲಿಗೆ ಅಂಟಿಕೊಂಡ ನುಸಿಗಳು ಮುಳುಗಿ ಸಾಯುವುದಿಲ್ಲ, ಒಣಗಿದ ಹಾಸಿನೊಂದಿಗೆ ಮರಳಿ ಮಂಚಕ್ಕೇ ಬರುತ್ತವೆ. 56 ಬೆಳಗುಗಳಲ್ಲಿ 31ಕ್ಕೆ ಗುರುತು ಬಿತ್ತು.

ಇದಕ್ಕಿಂತ ನನ್ನನ್ನು ಕಾಡಿದ್ದು ದಿಂಬಿನ ಕವರ್. ಅತ್ತೆಯವರು ಮಲಗುವ ಮೊದಲು ಮೊಮ್ಮಗನ ನೆತ್ತಿಗೆ ತೆಂಗಿನೆಣ್ಣೆ ತಟ್ಟುತ್ತಾರೆ. ಅದರ ಮೇಲೆ ಮುಖದ ಜಿಡ್ಡೂ ಸೇರಿ ಹದಿನೈದು ರಾತ್ರಿ ಕಳೆದ ಕವರ್ ತಣ್ಣೀರಿಗೆ ಬಗ್ಗುವುದಿಲ್ಲ. ಒಗೆದು ಒಣಗಿಸಿದಾಗ ಅದು ಶುಭ್ರವಾಗಿಯೇ ಕಾಣುತ್ತದೆ, ಇಸ್ತ್ರಿಪೆಟ್ಟಿಗೆ ತಾಗಿದೊಡನೆ ಕಮಟು ವಾಸನೆ ಏಳುತ್ತದೆ. ಜಿಡ್ಡು ಉಳಿದಿದೆಯೇ ಎಂದು ನೋಡಲು ಸುಲಭದ ದಾರಿಯೊಂದಿದೆ: ಒಣಗಿದ ಕವರಿನ ನಡುವೆ ಒಂದು ಹನಿ ನೀರು ಬಿಡಬೇಕು. ಹತ್ತಿಬಟ್ಟೆ ಅದನ್ನು ಕೂಡಲೇ ಹೀರಿಕೊಂಡರೆ ಒಗೆತ ಸರಿಯಾಗಿದೆ. ನಮ್ಮ ಕವರಿನ ಅಂಚಿನಲ್ಲಿ ಹನಿ ಹೀರಿಹೋಯಿತು, ತಲೆ ಇಡುವ ಜಾಗದಲ್ಲಿ ಮಾತ್ರ ಕೆಸುವಿನ ಎಲೆಯ ಮೇಲಿನಂತೆ ದುಂಡಗೆ ನಿಂತಿತು.

ಎರಡನೆಯದು ವಾರಕ್ಕೊಮ್ಮೆ ಎಲ್ಲವನ್ನೂ ಬಿಸಿನೀರಿನಲ್ಲಿ ನೆನೆಸಿ ಒಗೆಯುವ ಕ್ರಮ. "ಪ್ರತಿ ವಾರ ಬೆಡ್‌ಶೀಟ್ ಒಗೆಯಲಿಕ್ಕೆ ಇದೇನು ಲಾಡ್ಜಾ ಮಾರಾಯ್ತಿ?" ಎಂದರು ಅತ್ತೆ. ನುಸಿ ಸಾಯಬೇಕಾದರೆ ನೀರು ಕನಿಷ್ಠ 55 ಡಿಗ್ರಿ ಸೆಲ್ಸಿಯಸ್ ಬಿಸಿ ಇರಬೇಕು, 40 ಡಿಗ್ರಿಯ ಬೆಚ್ಚಗಿನ ನೀರಿನಲ್ಲಿ ಅವು ಬದುಕಿಕೊಳ್ಳುತ್ತವೆ. ಗೀಸರನ್ನು ಪೂರ್ತಿ ಏರಿಸಿ, ಪ್ಲಾಸ್ಟಿಕ್ ಟಬ್ಬಿಗೆ ಸುಮಾರು 15 ಲೀಟರ್ ನೀರು ಬಿಟ್ಟು, ಅಡುಗೆಯ ಥರ್ಮಾಮೀಟರ್ ಇಳಿಸಿ ನೋಡಿದರೆ 65 ಡಿಗ್ರಿ ತೋರಿಸಿತು. ಸಾಬೂನು ಪುಡಿ ಕದಡಿ, ಒಂಟಿ ಮಂಚದ ಹಾಸನ್ನು ಕೋಲಿನಿಂದ ಒತ್ತಿ ಮುಳುಗಿಸಿ, ಟಬ್ಬನ್ನು ತೆರೆದೇ ಇಟ್ಟಾಗ ಇಪ್ಪತ್ತು ನಿಮಿಷಕ್ಕೆ 53ಕ್ಕೆ ಇಳಿಯಿತು. ಮರುವಾರ ದೊಡ್ಡ ತಟ್ಟೆ ಮುಚ್ಚಿಟ್ಟಾಗ 57ರಲ್ಲಿ ನಿಂತಿತು. ಅಲ್ಲಿಂದ ಮುಂದೆ ಮುಚ್ಚಳವಿಲ್ಲದೆ ನೆನೆಸಲೇ ಇಲ್ಲ. ನೀರು ಕಾಯಿಸಲು ಒಂದು ಸಲಕ್ಕೆ ಮುಕ್ಕಾಲು ಯುನಿಟ್‌ನಷ್ಟು ವಿದ್ಯುತ್ ಬೇಕಾಗುತ್ತದೆ. ಟಬ್ಬಿನ ಬಿಸಿ ಇಳಿಯುವ ತನಕ ಬಚ್ಚಲಿನ ಬಾಗಿಲು ಹಾಕಿಯೇ ಇರಬೇಕು, ಮಕ್ಕಳು ಹತ್ತಿರ ಸುಳಿಯಬಾರದು. ಬಣ್ಣ ಬಿಡುವ ಹಾಸುಗಳಿಗೆ ಇದು ಆಗದು.

ಎಂಟು ವಾರದಲ್ಲಿ ಗುರುತುಗಳು 31ರಿಂದ 19ಕ್ಕೆ ಇಳಿದವು. ಕ್ರಮ ಇಲ್ಲಿಯೇ ನಿಲ್ಲಬಹುದಿತ್ತು, ಪ್ರೊಟೆಕ್ಟರ್ ಒಂದು ಅಡ್ಡಿಯಾಗದಿದ್ದರೆ.

ಈ ಪ್ರೊಟೆಕ್ಟರಿನ ಮೇಲ್ಮೈ ಟವೆಲ್ಲಿನಂಥ ಹತ್ತಿಬಟ್ಟೆ, ಅಡಿಯಲ್ಲಿ ನೀರು ಇಳಿಯದಂತೆ ಅಂಟಿಸಿದ ತೆಳುವಾದ ಪ್ಲಾಸ್ಟಿಕ್ ಪೊರೆ, ಸುತ್ತಲೂ ಹಾಸಿಗೆಯ ಅಂಚಿಗೆ ಸಿಕ್ಕಿಸುವ ಎಲಾಸ್ಟಿಕ್. ಮೊದಲ ತೊಡಕು ಎದುರಾದದ್ದು ಸ್ಪಿನ್ನಿನಲ್ಲಿ. ಟಬ್ಬಿನಿಂದ ತೆಗೆದ ಹಾಸು, ಪ್ರೊಟೆಕ್ಟರ್ ಎರಡನ್ನೂ ಹಿಂಡಲು ಮೆಷಿನ್ನಿಗೆ ಹಾಕಿದೆ. ಎಲಾಸ್ಟಿಕ್ ಅಂಚು ಜೋಳಿಗೆಯಂತೆ ಮುದುಡಿಕೊಂಡು ಹಾಸನ್ನು ಒಳಗೆ ಸೇರಿಸಿಕೊಂಡಿತು, ಪೊರೆಯ ಮೂಲಕ ನೀರು ಹೊರಬರಲು ದಾರಿಯಿರಲಿಲ್ಲ. ಡ್ರಮ್ ವೇಗ ಹಿಡಿಯುತ್ತಿದ್ದಂತೆ ನೀರಿನ ಭಾರವೆಲ್ಲ ಒಂದೇ ಪಕ್ಕಕ್ಕೆ ಬಿದ್ದು ಮೆಷಿನ್ ಧಡಧಡ ಹೊಡೆದುಕೊಂಡು ಗೋಡೆಯಿಂದ ಒಂದು ಗೇಣು ಮುಂದೆ ಬಂದು ನಿಂತಿತು. ಮುಚ್ಚಳ ತೆಗೆದು ನೋಡಿದರೆ ಪ್ರೊಟೆಕ್ಟರಿನ ಮಡಿಲಲ್ಲಿ ಒಂದು ಚೊಂಬಿಗೂ ಹೆಚ್ಚು ನೀರು. ನೀರು ಇಳಿಯದ ಬಟ್ಟೆಯನ್ನು ಸ್ಪಿನ್ ಮಾಡಬಾರದೆಂಬ ಎಚ್ಚರಿಕೆ ಮೆಷಿನ್ನಿನ ಕೈಪಿಡಿಯಲ್ಲಿಯೇ ಇತ್ತು. ಅದನ್ನು ನಾನು ಓದಿದ್ದು ಅಂದು ಸಂಜೆ.

ಎರಡನೆಯ ತೊಡಕು ಸದ್ದಿಲ್ಲದೆ ಬಂದದ್ದು. ಪ್ರೊಟೆಕ್ಟರಿನ ಮೂಲೆಯ ಪಟ್ಟಿಯಲ್ಲಿ 40 ಡಿಗ್ರಿಯೇ ಮಿತಿ ಎಂದು ಮುದ್ರಿಸಿದ್ದರು. ಬೆಡ್‌ಶೀಟಿಗೆ ಸಲ್ಲುವ ಬಿಸಿ ಇದಕ್ಕೂ ಸಲ್ಲುತ್ತದೆ ಎಂದುಕೊಂಡು ವಾರವಾರವೂ 65 ಡಿಗ್ರಿಯ ನೀರಿಗೇ ಹಾಕಿ, ಆಮೇಲೆ ಪೊರೆಯ ಬದಿಯನ್ನು ಮೇಲಾಗಿಸಿ ಬಿಸಿಲಿಗೆ ಹರವುತ್ತಿದ್ದೆ. ನಾಲ್ಕನೆಯ ವಾರ ಪೊರೆಯಲ್ಲಿ ಹಪ್ಪಳದ ಗುಳ್ಳೆಗಳಂಥ ಉಬ್ಬು ಕಾಣಿಸಿದವು, ಅಂದರೆ ಅಂಟು ಅಲ್ಲಲ್ಲಿ ಬಿಟ್ಟಿತ್ತು. ಏಳನೆಯ ವಾರ ಬೆರಳು ತಾಗಿಸಿದರೆ ಬಿಳಿಯ ಚೂರುಗಳು ಉದುರಿದವು. ನೆಲದ ಮೇಲೆ ಪತ್ರಿಕೆ ಹಾಸಿ, ಮೇಲೆ ಪ್ರೊಟೆಕ್ಟರ್ ಹರಡಿ, ಒಂದು ಲೋಟ ನೀರು ಸುರಿದು ಹತ್ತು ನಿಮಿಷ ಬಿಟ್ಟೆ. ಪತ್ರಿಕೆಯ ಮೂರು ಜಾಗ ಒದ್ದೆಯಾಗಿತ್ತು. ಅಂಗಡಿಯವರು ಪಟ್ಟಿಯನ್ನು ತೋರಿಸಿ ಹಿಂದಕ್ಕೆ ಪಡೆಯಲು ಒಪ್ಪಲಿಲ್ಲ, ಅವರನ್ನು ದೂರುವ ಹಾಗೂ ಇರಲಿಲ್ಲ.

ಆಗ ಒಂದೊಂದು ಬಟ್ಟೆಯನ್ನೂ ಹಾಳುಮಾಡುವ ವಸ್ತು ಯಾವುದೆಂದು ಬೇರೆ ಬೇರೆಯಾಗಿ ಯೋಚಿಸಿದೆ. ಕವರಿಗೆ ಬೀಳುವುದು ಎಣ್ಣೆ, ಅದು ಹಳೆಯದಾದಷ್ಟೂ ಬಿಡಿಸುವುದು ಕಷ್ಟ. ಆದ್ದರಿಂದ ಅದಕ್ಕೆ ಬೇಗ ಬೇಗ ಒಗೆತ ಬೇಕು. ಬೆಡ್‌ಶೀಟಿಗೆ ಬೀಳುವುದು ಚರ್ಮದ ಹೊಟ್ಟು, ಬೆವರು ಮತ್ತು ಕೆಳಗಿನ ಹಾಸಿಗೆಯಿಂದ ಏರಿಬರುವ ನುಸಿ, ಅದಕ್ಕೆ ಬಿಸಿ ಬೇಕು. ಹಾಸಿನ ಅಡಿಯಲ್ಲಿರುವ ಪ್ರೊಟೆಕ್ಟರಿಗೆ ಮೈಯೇ ತಾಗುವುದಿಲ್ಲ. ಅದರ ಪೊರೆ ಅಖಂಡವಾಗಿ ಉಳಿಯುವುದು ಮುಖ್ಯವೇ ಹೊರತು ಒಗೆದ ಲೆಕ್ಕವಲ್ಲ.

ಈಗ ಮೂರು ದಿನಕ್ಕೊಮ್ಮೆ ಕವರ್ ಬದಲಾಗುತ್ತದೆ. ತಲೆ ಇಡುವ ಜಾಗಕ್ಕೆ ಪಾತ್ರೆ ತೊಳೆಯುವ ದ್ರವದ ಎರಡು ತೊಟ್ಟು ಉಜ್ಜಿ, ಹತ್ತು ನಿಮಿಷ ಬಿಟ್ಟು, ನಿತ್ಯದ ಬಟ್ಟೆಯ ಜೊತೆಗೇ ಮೆಷಿನ್ನಿಗೆ ಹಾಕುತ್ತೇನೆ. ಮೂರು ದಿನದ ಎಣ್ಣೆ ಇಷ್ಟಕ್ಕೆ ಹೋಗುತ್ತದೆ, ನೀರಿನ ಹನಿ ಈಗ ನಿಲ್ಲುವುದಿಲ್ಲ. ಇದಕ್ಕಾಗಿ ಹೆಚ್ಚುವರಿಯಾಗಿ ನಾಲ್ಕು ಕವರ್ ಕೊಳ್ಳಬೇಕಾಯಿತು. ನಮ್ಮ ಬೂರುಗದ ಹತ್ತಿಯ ದಿಂಬುಗಳನ್ನು ಒಗೆಯಲು ಬಾರದ ಕಾರಣ ಕವರಿನ ಒಳಗೆ ಒತ್ತಾದ ನೇಯ್ಗೆಯ ಜಿಪ್ ಚೀಲ ತೊಡಿಸಿದ್ದೇನೆ. ಬೆಡ್‌ಶೀಟಿಗೆ ವಾರಕ್ಕೊಮ್ಮೆ, ಭಾನುವಾರ, ಮುಚ್ಚಿದ ಟಬ್ಬಿನಲ್ಲಿ ಇಪ್ಪತ್ತು ನಿಮಿಷ ನೆನೆಸಿ ಒಗೆಯುವ ಕ್ರಮವೇ ಮುಂದುವರಿದಿದೆ. ಹೊಸದಾಗಿ ಕೊಂಡ ಪ್ರೊಟೆಕ್ಟರಿಗೆ ಎರಡು ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರು. ಅದನ್ನು ಸ್ಪಿನ್ ಮಾಡದೆ, ತಿರುಚಿ ಹಿಂಡದೆ, ಎರಡು ಹಗ್ಗಗಳ ಮೇಲೆ ನೆರಳಿನಲ್ಲಿ ಹರವುತ್ತೇನೆ. ಹಾಸು ಬದಲಿಸುವ ಭಾನುವಾರ ಬೆಳಿಗ್ಗೆ ಎರಡು ಗಂಟೆ ಹಾಸಿಗೆಯನ್ನು ಬರಿದಾಗಿಯೇ ಬಿಟ್ಟು ಫ್ಯಾನ್ ಹಾಕುತ್ತೇನೆ, ರಾತ್ರಿಯ ತೇವ ಆರಲಿ ಎಂದು.

ಗುರುತುಗಳು 17. ಎರಡನೆಯ ಕ್ರಮದ 19ಕ್ಕೂ ಇದಕ್ಕೂ ಇರುವ ಅಂತರವನ್ನು ನಾನು ಗೆಲುವೆಂದು ಎಣಿಸುವುದಿಲ್ಲ. ಮಗನ ಮೂಗಿಗೆ ಎರಡೂ ಒಂದೇ. ನನ್ನ ಒಲವು ಮೂರನೆಯದರ ಕಡೆಗೆ ಇರುವುದು ಕಮಟು ಹೋಗಿದೆ, ಭಾನುವಾರದ ಟಬ್ಬಿನಲ್ಲಿ ಒಂದೇ ಬಟ್ಟೆ ಉಳಿದಿದೆ, ಪ್ರೊಟೆಕ್ಟರ್ ಎಂಟು ತಿಂಗಳಾದರೂ ಲೋಟದ ನೀರಿನ ಪರೀಕ್ಷೆಯಲ್ಲಿ ಪಾಸಾಗುತ್ತಿದೆ ಎಂಬ ಕಾರಣಗಳಿಗೆ. ನೀರು ಕಾಯಿಸುವ ಮೆಷಿನ್ ಇರುವವರು 60 ಡಿಗ್ರಿಯ ಹತ್ತಿಬಟ್ಟೆ ಪ್ರೋಗ್ರಾಂ ಇಟ್ಟು ಟಬ್ಬಿನ ಉಸಾಬರಿಯನ್ನೇ ಬಿಡಬಹುದು. ದಿಂಬಿಗೆ ಎಣ್ಣೆ ತಾಗದ ಮನೆಯಲ್ಲಿ ಕವರಿಗೂ ವಾರ ಸಾಕಾದೀತು.

ಮಳೆಗಾಲಕ್ಕೆ ಮಾತ್ರ ಈ ಲೆಕ್ಕ ಸ್ವಲ್ಪ ಸಡಿಲವಾಗುತ್ತದೆ. ಜುಲೈಯಲ್ಲಿ ಹಾಸು ಒಳಕೋಣೆಯ ಹಗ್ಗದಲ್ಲಿ ಎರಡು ದಿನವಾದರೂ ಪೂರ್ತಿ ಒಣಗುವುದಿಲ್ಲ. ಅರೆ ಒದ್ದೆಯ ಹಾಸನ್ನು ಮಂಚಕ್ಕೆ ಹಾಕಿದರೆ ನುಸಿಗೆ ನಾವೇ ನೀರು ಕೊಟ್ಟಂತೆ. ಹಾಗಾಗಿ ಮಳೆ ಜೋರಾಗಿರುವ ಎರಡು ತಿಂಗಳು ಹಾಸಿನ ಸರದಿಯನ್ನು ಹತ್ತು ದಿನಕ್ಕೆ ಮುಂದೂಡುತ್ತೇನೆ, ಕವರ್ ಚಿಕ್ಕದಾದ್ದರಿಂದ ಫ್ಯಾನಿನ ಕೆಳಗೇ ಒಣಗುತ್ತದೆ, ಅದರ ಮೂರು ದಿನ ತಪ್ಪುವುದಿಲ್ಲ. ಪ್ರೊಟೆಕ್ಟರಿನ ಸರದಿ ಮೇ ಕೊನೆಯಲ್ಲೊಮ್ಮೆ ಮುಗಿಸಿದರೆ ಮತ್ತೆ ಬರುವುದು ಆಗಸ್ಟಿನಲ್ಲಿ ಬಿಸಿಲು ಕಂಡ ದಿನ. ಇದು ಹಾಸಿಗೆಯ ಮೇಲ್ಭಾಗವನ್ನಷ್ಟೇ ಮುಚ್ಚುವುದರಿಂದ ಬದಿಗಳೂ ತಳವೂ ನುಸಿಗೆ ಬಿಟ್ಟಂತೆಯೇ ಉಳಿದಿವೆ. ಆರೂ ಬದಿ ಮುಚ್ಚುವ ಜಿಪ್ಪಿನ ಹೊದಿಕೆಗೆ ಇದರ ಎರಡರಷ್ಟು ಬೆಲೆ ಹೇಳಿದ್ದಾರೆ, ಸದ್ಯಕ್ಕೆ ಕೊಂಡಿಲ್ಲ.