ಡಬ್ಬಿ ಹೇಳೋದು 30 ನಿಮಿಷ, ಕಿವಿ ಪಕ್ಕದ ಎಳೆ ಹೇಳೋದು ಬೇರೆ: ಮೂರು ವರ್ಷ ಬಳಸಿದ ಕ್ರೀಮ್ ಡೈ

ಮೂರು ವರ್ಷದಿಂದ ಒಂದೇ ಕಂಪನಿಯ ಕಡು ಕಂದು ಕ್ರೀಮ್ ಡೈ ಹಚ್ಚಿಕೊಳ್ಳುತ್ತಿದ್ದೇನೆ. ಕಂಪನಿಯ ಹೆಸರು ಬರೆಯಲ್ಲ, ಯಾಕೆಂದರೆ ನನ್ನ ತಕರಾರು ಅರ್ಧ ಅವರ ಮೇಲೆ, ಇನ್ನರ್ಧ ನನ್ನ ಮೇಲೇ. ಆರು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ, ಚಿಕ್ಕಬಳ್ಳಾಪುರದ ನಮ್ಮ ಮನೆ ಹಿತ್ತಲಲ್ಲಿ, ಸ್ಟೂಲಿನ ಮೇಲೆ ಕೂತು ಹಚ್ಚಿಕೊಳ್ಳೋದು. ಪಾರ್ಲರಿಗೆ ಪ್ರತಿ ಸಲ ಹೋಗುವಷ್ಟು ದುಡ್ಡು ನನ್ನ ಸಂಬಳದಲ್ಲಿ ಉಳಿಯಲ್ಲ.

ಮೊದಲ ವರ್ಷ ನಂಬಿದ್ದು ಡಬ್ಬಿಯನ್ನು. 30 ನಿಮಿಷ ಅಂದರೆ 30 ನಿಮಿಷ, ಮೊಬೈಲಲ್ಲಿ ಅಲಾರಂ. ಬುಡದಿಂದ ತುದಿಯವರೆಗೂ ಬಳಿದುಕೊಳ್ಳುತ್ತಿದ್ದೆ. ಆರೇಳು ಸಲ ಆದ ಮೇಲೆ ತುದಿ ಮಸಿ ಕಪ್ಪು, ಮಧ್ಯ ಕಂದು, ಕಿವಿ ಪಕ್ಕದಲ್ಲಿ ಮಾತ್ರ ಬಿಳಿ ಇಣುಕುತ್ತಿತ್ತು. ನಮ್ಮ ಅತ್ತಿಗೆ ನೋಡಿ, "ಏನೇ ಇದು, ಮೂರು ಜನರ ಕೂದಲು ತಂದು ಅಂಟಿಸಿದ ಹಾಗಿದೆ" ಅಂದರು.

ಒಂದು ಸಲ ಹುಬ್ಬು ತೆಗೆಸೋಕೆ ಹೋದಾಗ ಪಾರ್ಲರಿನ ಹುಡುಗಿಗೆ ಹೇಳಿಕೊಂಡೆ. ಅವಳು ಕೇಳಿದ್ದು ಒಂದೇ: "ಆಂಟಿ, ಮಧ್ಯದಲ್ಲಿ ಒಂದು ಎಳೆ ಒರೆಸಿ ನೋಡ್ತೀರಾ?" ಇಲ್ಲ ಅಂದೆ. ಮೇಲೆ ಕಾಣೋ ಕ್ರೀಮು ಕಪ್ಪಾಗ್ತಾ ಬರುತ್ತಲ್ಲ, ಅದನ್ನೇ ನೋಡಿ ಬಣ್ಣ ಹಿಡೀತು ಅಂದುಕೊಳ್ಳುತ್ತಿದ್ದೆ. "ಅದು ಗಾಳಿಗೆ ಕಪ್ಪಾಗೋದು ಆಂಟಿ. ಬಟ್ಟಲಲ್ಲಿ ಉಳಿದಿದ್ದೂ ಕಪ್ಪಾಗುತ್ತೆ. ಬಟ್ಟಲಿಗೇನು ಬಿಳಿ ಕೂದಲಿದ್ಯಾ?"

ಅಂದಿನಿಂದ ಈ ಒರೆಸೋ ಕೆಲಸವೇ ನನಗೆ ಡೈಗಿಂತ ಇಷ್ಟ. ನಮ್ಮೆಜಮಾನರ ಹಳೇ ಬಿಳಿ ಪಂಚೆಯೊಂದನ್ನು ಅಂಗೈ ಅಗಲ ತುಂಡು ಮಾಡಿ ಇಟ್ಟುಕೊಂಡಿದ್ದೇನೆ. ಒಂದು ತುಂಡು ನೀರಲ್ಲಿ ಹಿಂಡಿ ಒದ್ದೆ, ಇನ್ನೊಂದು ಒಣ. ಕಿವಿಯ ಮುಂದೆ, ಕೆನ್ನೆಗೆ ಇಳಿಯುವ ಜಾಗದಿಂದ ತೆಳ್ಳಗೆ ಹತ್ತಿಪ್ಪತ್ತು ಕೂದಲಿನ ಎಳೆ ಹಿಡಿದು, ಬುಡದಿಂದ ತುದಿಗೆ ಒಂದೇ ದಿಕ್ಕಿನಲ್ಲಿ ಎರಡು ಸಲ ಎಳೆದು ಒರೆಸೋದು. ಆಮೇಲೆ ಒಣ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯೋದು. ಆ ಎಳೆಯನ್ನು ಬಿಳಿ ಬಟ್ಟೆ ಮೇಲಿಟ್ಟು, ಬಲ್ಬಿನ ಕೆಳಗಲ್ಲ, ಹಗಲ ಬೆಳಕಲ್ಲಿ ಕನ್ನಡಿ ಹಿಡಿದು ನೋಡಬೇಕು. ನೋಡಿದ ಮೇಲೆ ಬೋಳಾದ ಆ ಎಳೆಗೆ ಕ್ರೀಮು ಮತ್ತೆ ಬಳಿಯೋದು ಮರೆಯಬಾರದು. ಮರೆತರೆ ಒಂದು ಗೆರೆ ಬೇರೆ ಬಣ್ಣವೇ ಉಳಿಯುತ್ತೆ, ಅದೂ ಎದುರಿಗೇ.

ನೋಡಬೇಕಾದದ್ದು ಬಣ್ಣ ಮಾತ್ರ ಅಲ್ಲ ಅನ್ನೋದು ತಡವಾಗಿ ಗೊತ್ತಾಯಿತು. ನರೆಗೂದಲಿಗೆ ಬಣ್ಣ ಅರ್ಧಂಬರ್ಧ ಹಿಡಿದಿದ್ದರೆ ಅದು ಟೀ ಡಿಕಾಕ್ಷನ್‌ನಲ್ಲಿ ಅದ್ದಿದ ನೈಲಾನ್ ದಾರದ ಹಾಗೆ ಕಾಣುತ್ತೆ, ಬೆಳಕು ಹಾದು ಹೋಗುತ್ತೆ, ತಾಮ್ರದ ಛಾಯೆ. ಪೂರ್ತಿ ಹಿಡಿದಿದ್ದರೆ ಕರಿ ಕೂದಲಿನ ಹಾಗೆ ಬೆಳಕನ್ನು ತಡೆಯುತ್ತೆ.

ಇಷ್ಟು ತಿಳಿದ ಮೇಲೂ ನಾನೊಂದು ಎಡವಟ್ಟು ಮಾಡಿದೆ. ಆ ವರ್ಷ ಯುಗಾದಿ ಹಿಂದಿನ ದಿನ, ಒಬ್ಬಟ್ಟಿನ ಹೂರಣ ರುಬ್ಬೋದು ಬಾಕಿ, 18ನೇ ನಿಮಿಷಕ್ಕೆ ಒಂದು ಎಳೆ ಒರೆಸಿ ನೋಡಿದೆ. ಚೆನ್ನಾಗಿ ಕಡು ಕಂದು! ಓಡಿಹೋಗಿ ತೊಳೆದುಬಿಟ್ಟೆ. ಕೂದಲು ಒಣಗಿದಾಗ ಮುಖ ಬಾಡಿತು. ಒದ್ದೆ ಕೂದಲು ಯಾವಾಗಲೂ ನಿಜಕ್ಕಿಂತ ಕಡುವಾಗಿ ಕಾಣುತ್ತೆ. ಅವಸರದಲ್ಲಿ ನಾನು ಒಣ ಬಟ್ಟೆಯಿಂದ ಒತ್ತಿರಲೇ ಇಲ್ಲ. ಸಾಲದ್ದಕ್ಕೆ ನೋಡಿದ್ದು ನೆತ್ತಿಯ ಎಳೆ, ಅಲ್ಲಿ ಬಿಳಿ ಇರೋದೇ ಕಮ್ಮಿ. ಕಿವಿ ಪಕ್ಕ ತಾಮ್ರದ ತಂತಿ. ಎರಡು ವಾರ, ನಾಲ್ಕು ತಲೆಸ್ನಾನಕ್ಕೆ ಅದೂ ಮಾಸಿ ಮತ್ತೆ ಬಿಳಿ.

ಕಾರಣ ಸರಳ. ಈ ಡೈ ಮೇಲೆ ಬಳಿಯೋ ಪೇಂಟ್ ಅಲ್ಲ. ಕ್ರೀಮಿನಲ್ಲಿರೋ ಬಣ್ಣವಿಲ್ಲದ ಸಣ್ಣ ಸಣ್ಣ ಕಣಗಳು ಕೂದಲ ಒಳಗೆ ಹೋಗಬೇಕು, ಅಲ್ಲಿ, ಕ್ರೀಮಿನ ಜೊತೆ ಕಲಸೋ ಡೆವಲಪರ್‌ನ ಪೆರಾಕ್ಸೈಡ್ ತಾಕಿ ಒಂದಕ್ಕೊಂದು ಕೂಡಿ ದೊಡ್ಡದಾಗಿ, ಹೊರಗೆ ಬರಲಾಗದ ಹಾಗೆ ಸಿಕ್ಕಿಕೊಳ್ಳಬೇಕು. ಅದಕ್ಕೆ ಸಮಯ ಬೇಕು. ಮಧ್ಯದಲ್ಲಿ ತೊಳೆದರೆ ಕೂಡದೆ ಉಳಿದಿದ್ದು ನೀರಿನ ಜೊತೆ ಹೋಗುತ್ತೆ. ಡಬ್ಬಿಯೊಳಗಿನ ಚೀಟಿಯಲ್ಲಿ ಎಳೆ ಒರೆಸಿ ನೋಡೋದರ ಬಗ್ಗೆ ಒಂದು ಸಾಲೂ ಇಲ್ಲ. ಕೈಗವಸು ಹಾಕಿಕೊಳ್ಳೋ ಚಿತ್ರಕ್ಕೆ ಅರ್ಧ ಪುಟ, ಆ ಕೈಗವಸೋ ಮೊದಲ ಸಲಕ್ಕೇ ಹರಿಯುತ್ತೆ. ಇದಕ್ಕೇ ನನ್ನ ಸಿಟ್ಟು.

ಈಗ ನಾನು ಹಚ್ಚೋ ಕ್ರಮವೇ ಬದಲಾಗಿದೆ. ಮೊದಲು ಕಿವಿ ಪಕ್ಕ ಮತ್ತು ಹಣೆ ಅಂಚು, ಆಮೇಲೆ ಬೈತಲೆ, ಕೊನೆಗೆ ಹಿಂಭಾಗ. ಹಚ್ಚಿ ಮುಗಿಯೋಕೇ 20 ನಿಮಿಷ ಬೇಕು, ಹಾಗಾಗಿ ಮೊಂಡು ಬಿಳಿ ಕೂದಲಿಗೆ ಅಷ್ಟು ಸಮಯ ಹೆಚ್ಚು ಸಿಗುತ್ತೆ. ಬುಡದಲ್ಲಿ ಹೊಸದಾಗಿ ಬಂದಿರೋ ಒಂದೂವರೆ, ಎರಡು ಸೆಂಟಿಮೀಟರಿಗಷ್ಟೇ ಕ್ರೀಮು. ತುದಿಗೆ ಹಚ್ಚೋದೇ ಇಲ್ಲ. ಹಿಂದೆ ಬಣ್ಣ ಕುಡಿದ ತುದಿ ಮತ್ತೆ ಬೇಗ ಬೇಗ ಕುಡಿಯುತ್ತೆ, ಮಸಿ ಆಗಿದ್ದು ಹಾಗೇ.

ಕಳೆದ ಏಪ್ರಿಲ್ ಸಲದ್ದು ಹೇಳುತ್ತೇನೆ. ಬಿಸಿಲು ಆಗಲೇ ಏರಿತ್ತು. ಹಚ್ಚಿ ಮುಗಿದಾಗ ಅಲಾರಂ ಒತ್ತಿದೆ. 10ನೇ ನಿಮಿಷಕ್ಕೆ ಕಿವಿ ಪಕ್ಕದ ಎಳೆ ಒರೆಸಿದೆ, ಜೇನಿನ ಬಣ್ಣ, ಬೆಳಕು ಹಾಯುತ್ತಿತ್ತು. 20ಕ್ಕೆ ಕಂದು, ಬೆಳಕು ನಿಂತಿತ್ತು, ಆದರೂ ನಂಬಲಿಲ್ಲ. 25ಕ್ಕೆ ಇನ್ನೊಂದು ಕಿವಿಯ ಪಕ್ಕ ನೋಡಿದೆ, ಅದೇ ಕಂದು. ಐದು ನಿಮಿಷದ ಅಂತರದಲ್ಲಿ ಎರಡು ಕಡೆಯೂ ಒಂದೇ ಬಣ್ಣ, ಎರಡರಲ್ಲೂ ಬೆಳಕು ಹಾಯಲ್ಲ. ನಾನು ಬೇಗ ತೊಳೆಯೋದು ಇಂಥ ಹೊತ್ತಿಗೆ ಮಾತ್ರ. ತೊಳೆದೆ. ಆರು ವಾರ ನಿಂತಿತು. ಅದಕ್ಕೂ ಮುಂಚೆ ಜನವರಿಯಲ್ಲಿ, ನಂದಿ ಬೆಟ್ಟದ ಕಡೆಯಿಂದ ಬೀಸೋ ಚಳಿಗೆ ಕೈಬೆರಳು ಸೆಟೆದಿದ್ದಾಗ, 25ಕ್ಕೂ ತಾಮ್ರವೇ. 30 ಪೂರ್ತಿ ಬೇಕಾಯಿತು. ಚಳಿಗೆ ಈ ಕೆಲಸ ನಿಧಾನ. ಡಬ್ಬಿ ಹೇಳಿದ್ದಕ್ಕಿಂತ ಜಾಸ್ತಿ ಮಾತ್ರ ಬಿಡೋಕೆ ಹೋಗಬೇಡಿ.

ಇನ್ನೊಂದು ಮಾತು. ನೆತ್ತಿ ಉರಿದರೆ, ಕಿವಿ ಹಿಂದೆ ಕಡಿತ ಶುರುವಾದರೆ ಎಳೆ ನೋಡುತ್ತಾ ಕೂರೋದಲ್ಲ, ಬಣ್ಣ ಹಾಳಾಗಿ ಹೋಗಲಿ, ಆ ಕ್ಷಣ ತೊಳೀಬೇಕು. ಹೊಸ ಡೈ ಆದರೆ 48 ಗಂಟೆ ಮುಂಚೆ ಮೊಣಕೈ ಒಳಗೆ ಚುಕ್ಕೆ ಇಟ್ಟು ನೋಡಿ ಅನ್ನೋದು ಡಬ್ಬಿಯಲ್ಲೇ ಇದೆ, ಅದನ್ನು ಮಾತ್ರ ತಪ್ಪದೆ ಓದಿ.

ಬುಡಕ್ಕಷ್ಟೇ ಹಚ್ಚೋದರಿಂದ ಈಗ ಒಂದು ಡಬ್ಬಿ ನನಗೆ ಎರಡು ಸಲಕ್ಕೆ ಬರುತ್ತೆ. ಅರ್ಧ ಟ್ಯೂಬು, ಅರ್ಧ ಡೆವಲಪರ್ ತೆಗೆದು, ಉಳಿದದ್ದಕ್ಕೆ ಕೂಡಲೇ ಬಿಗಿಯಾಗಿ ಮುಚ್ಚಳ. ಕಲಸಿದ್ದು ಉಳಿದರೆ ಚೆಲ್ಲೋದೇ. ಒಂದು ಸಲ ಜಿಪುಣತನಕ್ಕೆ ಮುಚ್ಚಳದ ಡಬ್ಬಿಯಲ್ಲಿ ಎತ್ತಿಟ್ಟೆ; ಸಂಜೆ ಹೊತ್ತಿಗೆ ಅದು ಗ್ಯಾಸ್ ಕಟ್ಟಿ ಉಬ್ಬಿ ಮುಚ್ಚಳ ಹಾರಿ, ಬಚ್ಚಲ ಗೋಡೆ ಮೇಲೆ ಕಡು ಕಂದು ಚುಕ್ಕೆ. ಗೋಡೆಗೆ ಹಿಡಿದ ಆ ಬಣ್ಣ ಇನ್ನೂ ಹೋಗಿಲ್ಲ.