ಚಿತ್ರವಿಲ್ಲದೆ ಬಂದ ಪ್ರಶ್ನೆ: ನಾನು ಬಳಸಿ ನೋಡಿದ ನಾಲ್ಕು ದಾರಿಗಳು

‘ಮೇಡಂ, ಕೆಳಗಿನ ಚಿತ್ರ ನೋಡಿ. 12 ವೋಲ್ಟ್ ಬ್ಯಾಟರಿಗೆ 2 ಓಮ್, 3 ಓಮ್, 6 ಓಮ್ ರೋಧಕಗಳನ್ನು ಚಿತ್ರದಲ್ಲಿ ತೋರಿಸಿದಂತೆ ಜೋಡಿಸಿದೆ. (ಅ) 3 ಓಮ್ ರೋಧಕದಲ್ಲಿ ಹರಿಯುವ ವಿದ್ಯುತ್ ಎಷ್ಟು? (ಆ) ಬ್ಯಾಟರಿಯಿಂದ ಹೊರಡುವ ಒಟ್ಟು ವಿದ್ಯುತ್ ಎಷ್ಟು?’

ಸಂದೇಶ ಇಷ್ಟೇ. ಕೆಳಗೆ ಚಿತ್ರವಿಲ್ಲ. ಮನೆಪಾಠವನ್ನು ಮೊಬೈಲ್ ಮೂಲಕ ನಡೆಸುವವರಿಗೆ ಇಂಥ ಸಂದೇಶ ಹೊಸದಲ್ಲ. ಪಠ್ಯವನ್ನು ನಕಲು ಮಾಡಿ ಅಂಟಿಸಿದಾಗ ಅಕ್ಷರಗಳು ಬರುತ್ತವೆ, ಚಿತ್ರ ಅಲ್ಲೇ ಉಳಿದುಬಿಡುತ್ತದೆ. ಆಗ ಏನು ಮಾಡಬೇಕು ಎಂಬುದಕ್ಕೆ ನಾನು ಬಳಸಿ ನೋಡಿದ ದಾರಿಗಳನ್ನು ಇದೇ ಲೆಕ್ಕದ ಮೇಲೆ ಹೋಲಿಸುತ್ತೇನೆ.

ಮೊದಲನೆಯದು ಎಲ್ಲರಿಗೂ ಹೊಳೆಯುವುದು: ಫೋಟೊ ತೆಗೆದು ಕಳುಹಿಸು ಎನ್ನುವುದು. ವಿದ್ಯಾರ್ಥಿಯ ಕೈಯಲ್ಲಿ ಪುಸ್ತಕವಿದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಹಾಗೆ ಕೇಳುವ ಮೊದಲು ನಾನು ಇನ್ನೊಂದು ಮಾತು ಕೇಳುತ್ತೇನೆ: ‘ಚಿತ್ರ ನಿನಗೆ ಕಾಣಿಸುತ್ತಿದೆಯೇ?’ ಏಕೆಂದರೆ ಎಷ್ಟೋ ಸಲ ಅವರಿಗೂ ಯಾರೋ ಬರಿಯ ಪಠ್ಯವನ್ನೇ ಕಳುಹಿಸಿರುತ್ತಾರೆ. ಅಂಥವರನ್ನು ಫೋಟೊ ಕೇಳಿದರೆ ಅದೇ ನಾಲ್ಕು ಸಾಲಿನ ಫೋಟೊ ಬರುತ್ತದೆ. ಚಿತ್ರ ಇದ್ದವರು ಕೂಡ ಚಿತ್ರವನ್ನಷ್ಟೇ ಕತ್ತರಿಸಿ ಕಳುಹಿಸುತ್ತಾರೆ; ಅಂಚಿನಲ್ಲಿದ್ದ ಬ್ಯಾಟರಿಯೋ ಒಂದು ತಂತಿಯೋ ಕತ್ತರಿಸಿಹೋಗಿರುತ್ತದೆ. ಹಾಗಾಗಿ ಪ್ರಶ್ನೆಯ ಸಂಖ್ಯೆಯೂ ಕಾಣುವಂತೆ ಇಡೀ ಪುಟದ ಫೋಟೊ ಬೇಕು ಎಂದು ಸ್ಪಷ್ಟವಾಗಿ ಹೇಳಿಬಿಡುವುದು ಒಳ್ಳೆಯದು.

ಎರಡನೆಯದು, ಚಿತ್ರವನ್ನು ಊಹಿಸಿ ಬಿಡಿಸುವುದು. ಅನುಭವ ಇದ್ದಷ್ಟೂ ಈ ದಾರಿ ನಮ್ಮನ್ನು ಹೆಚ್ಚು ಸೆಳೆಯುತ್ತದೆ, ಅದಕ್ಕೇ ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಮೂರು ಬೇರೆ ಬೇರೆ ರೋಧಕಗಳನ್ನು, ಮೂರರಲ್ಲೂ ವಿದ್ಯುತ್ ಹರಿಯುವಂತೆ, ಎಂಟು ಬಗೆಯಲ್ಲಿ ಜೋಡಿಸಬಹುದು. ಮೂರೂ ಸರಣಿಯಲ್ಲಿರುವುದು ಒಂದು, ಮೂರೂ ಸಮಾಂತರದಲ್ಲಿರುವುದು ಒಂದು. ಎರಡು ಸಮಾಂತರದಲ್ಲಿದ್ದು ಮೂರನೆಯದು ಅವುಗಳೊಂದಿಗೆ ಸರಣಿಯಲ್ಲಿರುವುದು ಮೂರು ಬಗೆ. ಎರಡು ಸರಣಿಯಲ್ಲಿದ್ದು ಮೂರನೆಯದು ಆ ಜೋಡಿಗೆ ಸಮಾಂತರವಾಗಿರುವುದು ಮತ್ತೆ ಮೂರು ಬಗೆ. 2, 3, 6 ಎಂಬ ಸಂಖ್ಯೆಗಳನ್ನು ಕಂಡ ಕೂಡಲೇ ‘3 ಮತ್ತು 6 ಸಮಾಂತರ, ಆದ್ದರಿಂದ 2, ಅದರೊಂದಿಗೆ ಇನ್ನೊಂದು 2 ಸೇರಿ 4 ಓಮ್’ ಎಂದು ಮನಸ್ಸು ಓಡುತ್ತದೆ. ಲೆಕ್ಕ ಚೊಕ್ಕವಾಗಿ ಬರುತ್ತದೆ: ಒಟ್ಟು 3 ಆಂಪಿಯರ್, ಅದರಲ್ಲಿ 3 ಓಮ್ ರೋಧಕದ ಪಾಲು 2 ಆಂಪಿಯರ್. ಲೆಕ್ಕ ಚೊಕ್ಕವಾಗಿ ಬಂತು ಎಂದ ಮಾತ್ರಕ್ಕೆ ಚಿತ್ರ ಅದೇ ಎಂದೇನೂ ಅಲ್ಲ. ಮೂರೂ ಸಮಾಂತರದಲ್ಲಿದ್ದರೆ ಒಟ್ಟು ರೋಧ ಸರಿಯಾಗಿ 1 ಓಮ್ ಆಗುತ್ತದೆ. ಅದೂ ಅಷ್ಟೇ ಚೊಕ್ಕ.

ಉತ್ತರಪಟ್ಟಿ ಇದ್ದರೆ ಅದರಿಂದ ಹಿಂದಕ್ಕೆ ಹೋಗಬಹುದಲ್ಲವೇ? ಹೋಗಬಹುದು, ಆದರೆ ಎಚ್ಚರ ಬೇಕು. ಈ ಹುಡುಗಿ ಉತ್ತರಪಟ್ಟಿಯಿಂದ (ಅ) ಭಾಗದ ಉತ್ತರ 4 ಆಂಪಿಯರ್ ಎಂದು ತಿಳಿಸಿದಳು. ಅಂದರೆ 3 ಓಮ್ ರೋಧಕಕ್ಕೆ ಪೂರ್ತಿ 12 ವೋಲ್ಟ್ ಸಿಗುತ್ತಿದೆ, ಅದು ನೇರವಾಗಿ ಬ್ಯಾಟರಿಯ ಎರಡು ತುದಿಗಳ ನಡುವೆ ಇದೆ. ಆದರೆ ಹಾಗಿರುವ ಚಿತ್ರಗಳು ಎರಡು. ಒಂದರಲ್ಲಿ ಮೂರೂ ಸಮಾಂತರ. ಇನ್ನೊಂದರಲ್ಲಿ 2 ಮತ್ತು 6 ಸರಣಿಯಲ್ಲಿದ್ದು, ಆ ಜೋಡಿಗೆ 3 ಸಮಾಂತರ. (ಅ) ಭಾಗಕ್ಕೆ ಎರಡೂ ಒಂದೇ ಉತ್ತರ ಕೊಡುತ್ತವೆ. (ಆ) ಭಾಗಕ್ಕೆ ಬಂದಾಗ ಬಣ್ಣ ಬಯಲಾಗುತ್ತದೆ: ಮೊದಲನೆಯದರಲ್ಲಿ ಒಟ್ಟು ವಿದ್ಯುತ್ 12 ಆಂಪಿಯರ್, ಎರಡನೆಯದರಲ್ಲಿ 4 ಮತ್ತು 1.5 ಸೇರಿ 5.5 ಆಂಪಿಯರ್. ಒಂದು ಉತ್ತರ ತಾಳೆಯಾಯಿತೆಂದು ಊಹೆಯನ್ನೇ ಚಿತ್ರವೆಂದು ನಂಬಿದರೆ ಮುಂದಿನ ಭಾಗದಲ್ಲಿ ಸಿಕ್ಕಿಬೀಳುತ್ತೇವೆ. ಅದಕ್ಕಿಂತ ಕೆಟ್ಟದ್ದೆಂದರೆ, ತನ್ನ ಮುಂದಿರುವ ಚಿತ್ರಕ್ಕೂ ಟೀಚರ್ ಬಿಡಿಸಿದ ಲೆಕ್ಕಕ್ಕೂ ಹೊಂದಿಕೆಯಾಗದಿದ್ದಾಗ ವಿದ್ಯಾರ್ಥಿ ತನಗೇ ಅರ್ಥವಾಗುತ್ತಿಲ್ಲ ಎಂದುಕೊಂಡು ಸುಮ್ಮನಾಗುತ್ತಾಳೆ.

ಮೂರನೆಯದು, ಚಿತ್ರವನ್ನು ಮಾತಿನಲ್ಲಿ ವಿವರಿಸಲು ಹೇಳುವುದು. ಇದು ನನಗೆ ಸರಿಬರಲಿಲ್ಲ. ಮಕ್ಕಳು ಕಣ್ಣಿಗೆ ಕಂಡದ್ದನ್ನು ಹೇಳುತ್ತಾರೆ: ‘ಮೇಲೊಂದಿದೆ, ಕೆಳಗೆರಡಿವೆ’, ‘ಮೂರೂ ಸಮಾಂತರವಾಗಿವೆ’. ಕಾಗದದ ಮೇಲೆ ಸಮಾಂತರವಾಗಿ ಎಳೆದ ಮೂರು ರೋಧಕಗಳು, ತಂತಿ ಹಾವಿನಂತೆ ತಿರುಗಿ ಬಂದಿದ್ದರೆ, ಸರಣಿಯಲ್ಲೇ ಇರುತ್ತವೆ. ಗೀಟು, ಅಡ್ಡಗೆರೆಗಳನ್ನು ಟೈಪ್ ಮಾಡಿ ಚಿತ್ರ ಬರೆಯಲು ಹೇಳಿಯೂ ನೋಡಿದೆ. ಒಂದು ಮೊಬೈಲಿನಲ್ಲಿ ನೆಟ್ಟಗಿದ್ದದ್ದು ಇನ್ನೊಂದರಲ್ಲಿ ಚೆಲ್ಲಾಪಿಲ್ಲಿಯಾಗಿರುತ್ತದೆ.

ನಾಲ್ಕನೆಯದು ನನ್ನ ಆಯ್ಕೆ: ಜೋಡಣೆಯ ಪಟ್ಟಿ. ತಂತಿಗಳು ಸೇರುವ ಪ್ರತಿ ಜಾಗಕ್ಕೂ ಒಂದು ಅಕ್ಷರ ಕೊಡಬೇಕು. ನಡುವೆ ಬರಿಯ ತಂತಿ ಮಾತ್ರ ಇದ್ದರೆ, ಅದು ಎಷ್ಟೇ ಉದ್ದವಿರಲಿ, ಎಷ್ಟೇ ತಿರುವುಗಳಿರಲಿ, ಎರಡೂ ತುದಿಗೆ ಒಂದೇ ಅಕ್ಷರ. ಆಮೇಲೆ ಒಂದೊಂದು ಸಾಧನವೂ ಯಾವ ಅಕ್ಷರದಿಂದ ಯಾವ ಅಕ್ಷರಕ್ಕೆ ಇದೆ ಎಂದು ಬರೆಯಬೇಕು. ಅವಳು ಬರೆದದ್ದು ಇದು:

```
ಬ್ಯಾಟರಿ: P - S
3 ಓಮ್:  P - S
2 ಓಮ್:  P - Q
6 ಓಮ್:  Q - S
```

ಇದನ್ನು ಓದಿದರೆ ಊಹೆಗೆ ಜಾಗವೇ ಇಲ್ಲ. 3 ಓಮ್ ಬ್ಯಾಟರಿಯೊಂದಿಗೆ ಎರಡೂ ಅಕ್ಷರಗಳನ್ನು ಹಂಚಿಕೊಂಡಿದೆ. Q ಎಂಬಲ್ಲಿ 2 ಮತ್ತು 6 ಮಾತ್ರ ಸೇರುತ್ತವೆ, ಆದ್ದರಿಂದ ಅವು ಸರಣಿಯಲ್ಲಿವೆ. ಒಟ್ಟು ವಿದ್ಯುತ್ 5.5 ಆಂಪಿಯರ್.

ಪಟ್ಟಿಯಲ್ಲೂ ತಪ್ಪು ನುಸುಳುವುದುಂಟು. ತಂತಿ ತಿರುಗಿದಲ್ಲೆಲ್ಲ ಮಕ್ಕಳು ಹೊಸ ಅಕ್ಷರ ಕೊಡುತ್ತಾರೆ. ಇದನ್ನು ಹಿಡಿಯುವುದು ಸುಲಭ: ಯಾವುದೇ ಅಕ್ಷರ ಪಟ್ಟಿಯಲ್ಲಿ ಒಂದೇ ಸಲ ಬಂದಿದ್ದರೆ, ಒಂದೋ ಒಂದು ಸಾಲು ಬಿಟ್ಟುಹೋಗಿದೆ, ಇಲ್ಲವೇ ಒಂದೇ ಜಾಗಕ್ಕೆ ಎರಡು ಹೆಸರು ಬಿದ್ದಿವೆ. ಪಟ್ಟಿ ಬರೆಯುವಾಗಲೇ ‘ಓಹ್, ಇದು ಸರಣಿ’ ಎಂದು ವಿದ್ಯಾರ್ಥಿಗೆ ಹೊಳೆಯುವುದನ್ನೂ ಕಂಡಿದ್ದೇನೆ. ಫೋಟೊ ಕಳುಹಿಸಿದ್ದರೆ ಆ ಗಳಿಕೆ ಇರುತ್ತಿರಲಿಲ್ಲ.

ರೇಖಾಗಣಿತದಲ್ಲಿ ಮಾತ್ರ ಈ ಪಟ್ಟಿ ಕೈಕೊಡುತ್ತದೆ. ‘O ಕೇಂದ್ರವಿರುವ ವೃತ್ತದಲ್ಲಿ ∠AOB = 100°. C ವೃತ್ತದ ಮೇಲಿನ ಬಿಂದು. ∠ACB ಎಷ್ಟು?’ ಯಾವುದು ಯಾವುದಕ್ಕೆ ಸೇರಿದೆ ಎಂಬುದೆಲ್ಲ ಇಲ್ಲಿ ಪಠ್ಯದಲ್ಲೇ ಇದೆ. ಇಲ್ಲದಿರುವುದು C ಎಲ್ಲಿದೆ ಎಂಬುದು. ಅದು ಅಧಿಕ ಕಂಸದ ಮೇಲಿದ್ದರೆ 50°, ಲಘು ಕಂಸದ ಮೇಲಿದ್ದರೆ 130°. ಇಂಥಲ್ಲಿ ಎರಡೂ ಚಿತ್ರಗಳನ್ನು ಕೈಯಲ್ಲೇ ಬರೆದು, ಫೋಟೊ ತೆಗೆದು, ‘ನಿನ್ನದು ಒಂದನೆಯದೋ ಎರಡನೆಯದೋ?’ ಎಂದು ಕೇಳುವುದೇ ವಾಸಿ. ಬರೆಯಲು ಪುರಸೊತ್ತಿಲ್ಲದಿದ್ದರೆ ‘C ಮತ್ತು O ಎರಡೂ AB ಗೆರೆಯ ಒಂದೇ ಬದಿಯಲ್ಲಿವೆಯೇ?’ ಎಂಬ ಒಂದು ಪ್ರಶ್ನೆ ಸಾಕು. ಹೌದು ಎಂದರೆ 50°. ಚಿತ್ರ ಅವರ ಬಳಿಯೂ ಇಲ್ಲ ಎಂದಾದರೆ ನಾನು ಎರಡನ್ನೂ ಬಿಡಿಸಿ, ಯಾವ ಉತ್ತರ ಯಾವ ಚಿತ್ರಕ್ಕೆ ಎಂದು ಬರೆದು ಕಳುಹಿಸುತ್ತೇನೆ.

ನಕ್ಷೆಯ ಪ್ರಶ್ನೆಗಳು ಬೇರೆಯೇ. ವೇಗ–ಕಾಲ ನಕ್ಷೆ ಬರಿಯ ನೇರ ಗೆರೆಗಳಿಂದಾಗಿದ್ದರೆ ತಿರುವಿನ ಬಿಂದುಗಳನ್ನು ಬರೆದು ಕಳುಹಿಸಲು ಹೇಳಬಹುದು: ಕಾಲ ಇಷ್ಟು, ವೇಗ ಇಷ್ಟು. ಗೆರೆ ಬಾಗಿದ್ದರೆ ಪಟ್ಟಿಯೂ ಬೇಡ, ಪ್ರಶ್ನೆಯೂ ಬೇಡ. ಎರಡೂ ಅಕ್ಷಗಳ ಅಂಕಿಗಳು ಕಾಣುವಂಥ ಫೋಟೊ ಬರುವವರೆಗೆ ಆ ಲೆಕ್ಕವನ್ನು ನಾನು ಮುಟ್ಟುವುದಿಲ್ಲ.