ಕಚೇರಿಯಲ್ಲಿ ಬೇರೆಯವರು ಸಹಿ ಹಾಕಿ ಪಡೆದ ಪಾರ್ಸೆಲ್ ಕಾಣೆಯಾದರೆ ಹೊಣೆ ಯಾರದು? ನನಗಾದ ಅನುಭವ

ಮನೆಯಲ್ಲಿ ಹಗಲು ಹೊತ್ತು ಯಾರೂ ಇರುವುದಿಲ್ಲವೆಂಬ ಕಾರಣಕ್ಕೆ ಕಚೇರಿಯ ವಿಳಾಸಕ್ಕೆ ಪಾರ್ಸೆಲ್ ತರಿಸಿಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನಾನೂ ಅವರಲ್ಲೊಬ್ಬ. ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಟ್ಟಡದಲ್ಲಿ ನಮ್ಮ ಕಚೇರಿಯಿದೆ. ಆ ಕಟ್ಟಡದಲ್ಲಿ ಮೂರು ಕಂಪನಿಗಳಿದ್ದು, ಮೂರಕ್ಕೂ ಸೇರಿ ಕೆಳಮಹಡಿಯಲ್ಲಿ ಒಂದೇ ರಿಸೆಪ್ಷನ್ ಇದೆ. ಅಲ್ಲಿ ಕೂರುವ ಹೆಣ್ಣುಮಗಳು ನಮ್ಮ ಕಂಪನಿಯ ನೌಕರಳಲ್ಲ, ಕಟ್ಟಡದ ನಿರ್ವಹಣೆಯ ಗುತ್ತಿಗೆ ಪಡೆದ ಏಜೆನ್ಸಿಯ ನೌಕರಳು. ಈ ವ್ಯತ್ಯಾಸಕ್ಕೆ ಎಷ್ಟು ಬೆಲೆಯಿದೆ ಎಂಬುದು ಮಗಳ ಓದಿಗೆಂದು ತರಿಸಿದ 18,499 ರೂಪಾಯಿಯ ಟ್ಯಾಬ್ ಕಾಣೆಯಾದ ಮೇಲೆಯೇ ನನಗೆ ಅರ್ಥವಾಯಿತು.

ಅದು ಮಂಗಳವಾರ. ಮಧ್ಯಾಹ್ನ 1 ಗಂಟೆ 12 ನಿಮಿಷಕ್ಕೆ ಪಾರ್ಸೆಲ್ ತಲುಪಿದೆಯೆಂಬ ಸಂದೇಶ ಮೊಬೈಲ್‌ಗೆ ಬಂದಿತ್ತು. ಅದಕ್ಕೆ ಮೊದಲು ಯಾರೂ ನನಗೆ ಕರೆ ಮಾಡಿರಲಿಲ್ಲ. ಲೆಕ್ಕಪತ್ರದ ಕೆಲಸದಲ್ಲಿ ಮುಳುಗಿದ್ದ ನಾನು ಸಂದೇಶವನ್ನು ನೋಡಿದ್ದು ನಾಲ್ಕು ಗಂಟೆಗೆ. ಕೆಳಗಿಳಿದು ಕೇಳಿದಾಗ ರಿಸೆಪ್ಷನ್‌ನ ಹೆಣ್ಣುಮಗಳು ಗಾಬರಿಯಿಂದ, "ಸರ್, ನಿಮ್ಮ ಹೆಸರಿನ ಬಾಕ್ಸ್ ಯಾವುದೂ ಬಂದಿಲ್ಲ, ಬೇಕಾದರೆ ನೀವೇ ರಿಜಿಸ್ಟರ್ ನೋಡಿ" ಎಂದು ನೀಲಿ ರಟ್ಟಿನ ಇನ್‌ವರ್ಡ್ ರಿಜಿಸ್ಟರನ್ನು ನನ್ನ ಮುಂದೆ ತಿರುಗಿಸಿಟ್ಟಳು. ಅಂದು ಬಂದ ಒಂಬತ್ತು ಲಕೋಟೆ ಮತ್ತು ಪೆಟ್ಟಿಗೆಗಳ ವಿವರ ಅವಳ ಅಕ್ಷರದಲ್ಲಿ ಸಾಲಾಗಿ ಇದ್ದವು. ನನ್ನದು ಇರಲಿಲ್ಲ.

ಮರುದಿನ ಮಾರಾಟ ಜಾಲತಾಣದ ಗ್ರಾಹಕ ಸೇವೆಗೆ ಕರೆ ಮಾಡಿದೆ. ನಿಮ್ಮ ಕಚೇರಿಯ ರಿಸೆಪ್ಷನ್‌ನಲ್ಲಿ ಸಹಿ ಪಡೆದು ಕೊಟ್ಟಿದ್ದೇವೆ, ನಮ್ಮ ಜವಾಬ್ದಾರಿ ಅಲ್ಲಿಗೆ ಮುಗಿಯಿತು, ಕಚೇರಿಯಲ್ಲಿ ವಿಚಾರಿಸಿಕೊಳ್ಳಿ ಎಂದು ಹೇಳಿ ದೂರನ್ನು ಅಂದೇ ಮುಚ್ಚಿದರು. ನಮ್ಮ ಆಡಳಿತ ವಿಭಾಗದವರು ಲಿಫ್ಟ್ ಪಕ್ಕದ ಗೋಡೆಗೆ ಅಂಟಿಸಿದ್ದ ಸೂಚನೆಯನ್ನು ತೋರಿಸಿದರು. ಸಿಬ್ಬಂದಿಯ ವೈಯಕ್ತಿಕ ಪಾರ್ಸೆಲ್‌ಗಳಿಗೆ ಸಂಸ್ಥೆ ಜವಾಬ್ದಾರಿಯಲ್ಲ ಎಂದು ಅದರಲ್ಲಿತ್ತು. ಏಜೆನ್ಸಿಯ ಮೇಲ್ವಿಚಾರಕರಂತೂ ರಿಸೆಪ್ಷನ್‌ನ ಹೆಣ್ಣುಮಗಳ ಸಂಬಳದಲ್ಲಿ ಕಂತಿನಂತೆ ಹಿಡಿದುಕೊಡುತ್ತೇವೆ ಎಂದುಬಿಟ್ಟರು. ನನಗೆ ನಿಜವಾಗಿ ಸಂಕಟವಾದದ್ದು ಆಗಲೇ. ಟ್ಯಾಬ್‌ನ ಬೆಲೆ ಅವಳ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚಾಗಿತ್ತು.

ವಕೀಲಿ ವೃತ್ತಿಯಲ್ಲಿರುವ ನನ್ನ ಭಾವನವರು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಸಹಿ ಹಾಕಿದವರಿಗೆ ನಿಮ್ಮ ಪರವಾಗಿ ತೆಗೆದುಕೊಳ್ಳಿ ಅಂತ ಹೇಳಿದ್ದು ಯಾರು?" ಇಡೀ ಪ್ರಕರಣ ನಿಂತಿರುವುದು ಈ ಪ್ರಶ್ನೆಯ ಮೇಲೆ. 1930ರ ಸರಕು ಮಾರಾಟ ಕಾಯ್ದೆಯ 33ನೇ ಕಲಮಿನ ಪ್ರಕಾರ ಸರಕು ಖರೀದಿದಾರನ ವಶಕ್ಕಾಗಲಿ, ಅವನ ಪರವಾಗಿ ಅದನ್ನು ಇಟ್ಟುಕೊಳ್ಳಲು ಅಧಿಕಾರ ಪಡೆದವರ ವಶಕ್ಕಾಗಲಿ ಸೇರಿದರೆ, ಅಥವಾ ಎರಡೂ ಕಡೆಯವರು ಇದನ್ನೇ ತಲುಪಿಸಿದಂತೆ ಎಂದು ಒಪ್ಪಿಕೊಂಡ ರೀತಿಯಲ್ಲಿ ಕೊಟ್ಟರೆ, ಅದು ತಲುಪಿದಂತೆ. ಹಾಗಾಗಿ ಯಾರದೋ ಒಂದು ಸಹಿ ಇದೆ ಎಂದ ಮಾತ್ರಕ್ಕೆ ಮಾರಾಟಗಾರನ ಹೊಣೆ ಕಳಚುವುದಿಲ್ಲ. ಆ ಸಹಿ ನಾವು ಅಧಿಕಾರ ಕೊಟ್ಟವರದ್ದಾಗಿರಬೇಕು. ಆದರೆ ಅಧಿಕಾರ ಕೊಡುವುದಕ್ಕೆ ಪತ್ರವೇ ಬೇಕಾಗಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಡೆಲಿವರಿ ಹುಡುಗ ಕರೆ ಮಾಡಿದಾಗ "ರಿಸೆಪ್ಷನ್‌ನಲ್ಲಿ ಕೊಟ್ಟುಬಿಡಪ್ಪ" ಎಂದರೆ ಅಷ್ಟೇ ಸಾಕು.

ನಾನು ಅಂದು ಆ ಮಾತು ಹೇಳಿರಲಿಲ್ಲವಾದ್ದರಿಂದ ನನ್ನ ಕಡೆ ತಪ್ಪಿಲ್ಲವೆಂದೇ ನಂಬಿದ್ದೆ. ಭಾವನವರು ಆ್ಯಪ್‌ನಲ್ಲಿ ಉಳಿಸಿದ ವಿಳಾಸವನ್ನು ತೆರೆದು ನೋಡಲು ಹೇಳಿದರು. ಕಚೇರಿಯ ವಿಳಾಸದ ಕೆಳಗೆ, ನಾನಿಲ್ಲದಿದ್ದರೆ ರಿಸೆಪ್ಷನ್‌ನಲ್ಲಿ ಕೊಡಿ ಎಂಬ ಆಯ್ಕೆಗೆ ಗುರುತು ಬಿದ್ದಿತ್ತು. ಎರಡು ವರ್ಷದ ಹಿಂದೆ ಯಾವುದೋ ಪುಸ್ತಕ ತರಿಸುವಾಗ ನಾನೇ ಒತ್ತಿದ್ದೆ. ಅಂದಿನಿಂದ ಪ್ರತಿ ಆರ್ಡರ್‌ಗೂ ಅದೇ ಸೂಚನೆ ಹೋಗುತ್ತಿತ್ತು. ದಯವಿಟ್ಟು ನೀವೂ ಇಂದೇ ನಿಮ್ಮ ಆ್ಯಪ್ ತೆರೆದು ವಿಳಾಸದ ಜೊತೆ ಉಳಿದಿರುವ ಸೂಚನೆಯನ್ನು ನೋಡಿಕೊಳ್ಳಿ. ರಿಸೆಪ್ಷನ್‌ನ ಹೆಣ್ಣುಮಗಳೇ ಅಂದು ಸಹಿ ಹಾಕಿದ್ದರೆ ಮಾರಾಟಗಾರನ ವಿರುದ್ಧ ನನ್ನ ವಾದ ಬಹುಮಟ್ಟಿಗೆ ಬಿದ್ದುಹೋಗುತ್ತಿತ್ತು.

ನಾಲ್ಕನೆಯ ದಿನ ನಾನು ಮತ್ತೆ ದೂರು ಬರೆದೆ. ಈ ಬಾರಿ ಹಣ ಕೇಳಲಿಲ್ಲ, ತಲುಪಿಸಿದ್ದಕ್ಕೆ ಇರುವ ಪುರಾವೆಯ ಪ್ರತಿಯನ್ನು ಮಾತ್ರ ಕೇಳಿದೆ. ಪಡೆದವರ ಹೆಸರು, ಸಹಿಯ ಚಿತ್ರ, ಸಮಯ ಮತ್ತು ತೆಗೆದ ಫೋಟೋ ಈ ನಾಲ್ಕನ್ನೂ ಬರಹದಲ್ಲಿ ಕೇಳಬೇಕು, ಫೋನಿನಲ್ಲಿ ಕೇಳಿದರೆ ಸಿಗುವುದಿಲ್ಲ. ಎರಡು ದಿನದ ನಂತರ ಇಮೇಲ್ ಬಂತು. ಪಡೆದವರ ಹೆಸರಿನ ಜಾಗದಲ್ಲಿ ಯಾರ ಹೆಸರೂ ಇರದೆ ರಿಸೆಪ್ಷನ್ ಎಂದಷ್ಟೇ ಇತ್ತು. ಸಹಿಯೆಂಬುದು ಬೆರಳಿನಿಂದ ಎಳೆದ ಒಂದು ಸೊಟ್ಟ ಗೀಟು. ಫೋಟೋದಲ್ಲಿ ಮಾತ್ರ ನನಗೆ ಬೇಕಾದದ್ದೆಲ್ಲ ಇತ್ತು. ಗ್ರಾನೈಟ್ ಕಟ್ಟೆಯ ಮೇಲೆ ನನ್ನ ಪೆಟ್ಟಿಗೆ, ಅದರ ಪಕ್ಕ ಸ್ಟೀಲಿನ ನೀರಿನ ಬಾಟಲಿ, ಮುಚ್ಚಿಟ್ಟ ನೀಲಿ ರಿಜಿಸ್ಟರ್, ಹಿಂದೆ ಖಾಲಿ ಕುರ್ಚಿ. ನನ್ನ ಬಾಯಿ ಮುಚ್ಚಿಸಲು ಅವರು ಕಳಿಸಿದ ಫೋಟೋವೇ ಆ ಹೊತ್ತಿನಲ್ಲಿ ರಿಸೆಪ್ಷನ್‌ನಲ್ಲಿ ಯಾರೂ ಇರಲಿಲ್ಲವೆಂದು ತೋರಿಸುತ್ತಿತ್ತು.

ಅದೇ ದಿನ ಕಟ್ಟಡದ ನಿರ್ವಹಣೆಯವರಿಗೆ ಪತ್ರ ಕೊಟ್ಟು ಸಿಸಿಟಿವಿ ದೃಶ್ಯವನ್ನು ತೆಗೆದಿಡಲು ಕೋರಿದೆ. ನಮ್ಮ ಕಟ್ಟಡದಲ್ಲಿ 15 ದಿನಕ್ಕೊಮ್ಮೆ ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತದೆ, ಇನ್ನೂ ಹತ್ತು ದಿನ ತಡೆದಿದ್ದರೆ ಅದು ಇರುತ್ತಲೇ ಇರಲಿಲ್ಲ. ಕ್ಯಾಮೆರಾ ಬಾಗಿಲಿನ ಕಡೆಗೆ ತಿರುಗಿದ್ದರಿಂದ ಕಟ್ಟೆಯ ಅಂಚು ಮಾತ್ರ ಕಾಣುತ್ತಿತ್ತು. ಆದರೂ ರಿಸೆಪ್ಷನ್‌ನ ಹೆಣ್ಣುಮಗಳು 1 ಗಂಟೆ 5 ನಿಮಿಷಕ್ಕೆ ಊಟದ ಡಬ್ಬಿ ಹಿಡಿದು ಒಳಹೋದದ್ದೂ, ಎರಡನೆಯ ಮಹಡಿಯ ಕಂಪನಿಯ ಒಬ್ಬ ಯುವಕ ಡೆಲಿವರಿ ಹುಡುಗನ ಮೊಬೈಲ್ ಮೇಲೆ ಬೆರಳಾಡಿಸಿದ್ದೂ ಸ್ಪಷ್ಟವಾಗಿತ್ತು. ನಂತರ ಊಟ ಮುಗಿಸಿ ಬಂದವರ ಗುಂಪು ಕಟ್ಟೆಗೆ ಅಡ್ಡವಾಯಿತು, ಗುಂಪು ಕರಗಿದ ಮೇಲೆ ಪೆಟ್ಟಿಗೆ ಇರಲಿಲ್ಲ. ಒಯ್ದವರು ಯಾರೆಂದು ಇಂದಿಗೂ ತಿಳಿದಿಲ್ಲ.

ಆ ಯುವಕನನ್ನು ಕಂಡು ಮಾತನಾಡಿಸಿದೆ. ಅವನು ಮುಚ್ಚಿಡಲಿಲ್ಲ. "ಆ ಹುಡುಗ ಅವಸರ ಮಾಡ್ತಿದ್ದ ಸರ್, ಮೇಡಂ ಈಗ ಬರ್ತಾರೆ ಅಂತ ನಾನೇ ಒಂದು ಗೀಟು ಹಾಕ್ದೆ. ಯಾರ ಪಾರ್ಸೆಲ್ ಅಂತಾನೂ ನೋಡ್ಲಿಲ್ಲ" ಎಂದ. ಹೀಗೆ ಸಹಾಯವೆಂದು ಸಹಿ ಹಾಕುವವರೂ ಒಂದು ವಿಷಯ ತಿಳಿದಿರಬೇಕು. ಬೇರೆಯವರ ವಸ್ತುವನ್ನು ತನ್ನ ವಶಕ್ಕೆ ಪಡೆದುಕೊಂಡವರು, ಅದಕ್ಕೆ ಒಂದು ಪೈಸೆ ಪಡೆಯದಿದ್ದರೂ, ಸಾಮಾನ್ಯ ವಿವೇಕದ ವ್ಯಕ್ತಿ ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ಅದನ್ನು ನೋಡಿಕೊಳ್ಳಬೇಕೆಂದು 1872ರ ಭಾರತೀಯ ಕರಾರು ಕಾಯ್ದೆಯ 151ನೇ ಕಲಮು ಹೇಳುತ್ತದೆ. ಅಷ್ಟು ಎಚ್ಚರ ವಹಿಸಿದ ಮೇಲೂ ವಸ್ತು ಕಳೆದರೆ ಅವರು ಹೊಣೆಯಲ್ಲ ಎಂಬುದು 152ನೇ ಕಲಮು. ಕಾವಲಿಲ್ಲದ ಕಟ್ಟೆಯ ಮೇಲೆ ಬಿಟ್ಟುಹೋದದ್ದನ್ನು ಎಚ್ಚರ ಎನ್ನಲಾಗದು. ಆದರೆ ಅವನ ಮೇಲೆ ಹೋಗಲು ನನಗೆ ಮನಸ್ಸಾಗಲಿಲ್ಲ, ಅದಕ್ಕೆ ಸಿವಿಲ್ ದಾವೆಯನ್ನೇ ಹೂಡಬೇಕಾಗುತ್ತಿತ್ತು. ನಡೆದದ್ದನ್ನು ಬರೆದು ಸಹಿ ಮಾಡಿಕೊಡಲು ಕೇಳಿದೆ, ಅವನು ಒಪ್ಪಿ ಬರೆದುಕೊಟ್ಟ.

ನನ್ನ ಕಂಪನಿಯ ಮೇಲೆ ಗ್ರಾಹಕ ಆಯೋಗಕ್ಕೆ ಹೋಗಬಹುದೇ ಎಂದು ಕೆಲವು ಸಹೋದ್ಯೋಗಿಗಳು ಕೇಳಿದರು. ಸಾಧ್ಯವಿಲ್ಲ. ಪಾರ್ಸೆಲ್ ಪಡೆದಿಡಲು ನಾನು ಕಂಪನಿಗೆ ಹಣ ಕೊಟ್ಟಿಲ್ಲವಾದ್ದರಿಂದ ಈ ವಿಷಯದಲ್ಲಿ ನಾನು ಅದರ ಗ್ರಾಹಕನಲ್ಲ. ನಾನು ಹಣ ಕೊಟ್ಟದ್ದು ಮಾರಾಟಗಾರನಿಗೆ, ಹಾಗಾಗಿ ದೂರಿನ ದಾರಿಯೂ ಆ ಕಡೆಗೇ. ಕೊರಿಯರ್ ಸಂಸ್ಥೆಯ ಹಿಂದೆಯೂ ನಾನು ಅಲೆಯಲಿಲ್ಲ, ಅದನ್ನು ನೇಮಿಸಿದ್ದು ಅವರೇ.

ಒಂಬತ್ತನೆಯ ದಿನ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆದೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಅವರು 48 ಗಂಟೆಗಳೊಳಗೆ ದೂರು ಸ್ವೀಕರಿಸಿದ್ದನ್ನು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅವರ ಹೆಸರು ಮತ್ತು ಸಂಪರ್ಕ ವಿವರ ಜಾಲತಾಣದಲ್ಲೇ ಇರಬೇಕು. ಪತ್ರದಲ್ಲಿ ನನ್ನ ಸೂಚನೆಯನ್ನು ಮರೆಮಾಚಲಿಲ್ಲ. ರಿಸೆಪ್ಷನ್‌ನಲ್ಲಿ ಕೊಡಿ ಎಂದು ನಾನು ಹೇಳಿದ್ದು ನಿಜ, ಆದರೆ ಸಹಿ ಹಾಕಿದವರು ರಿಸೆಪ್ಷನ್‌ನವರಲ್ಲ, ನನ್ನ ಕಂಪನಿಯವರೂ ಅಲ್ಲ, ನಿಮ್ಮದೇ ಫೋಟೋದಲ್ಲಿ ಕುರ್ಚಿ ಖಾಲಿಯಿದೆ, ಆದ್ದರಿಂದ ನಾನು ಅಧಿಕಾರ ಕೊಟ್ಟವರಿಗೆ ಪಾರ್ಸೆಲ್ ತಲುಪಿಲ್ಲ ಎಂದು ಬರೆದು, ರಿಜಿಸ್ಟರಿನ ಆ ಪುಟದ ಫೋಟೋ, ಯುವಕನ ಹೇಳಿಕೆ ಮತ್ತು ನಿರ್ವಹಣೆಯವರು ಕೊಟ್ಟ ದೃಶ್ಯದ ಸಮಯವಿವರವನ್ನು ಲಗತ್ತಿಸಿದೆ. ಸಿದ್ಧ ಉತ್ತರವೊಂದು ಬಂದು ದೂರು ಮತ್ತೆ ಮುಚ್ಚಿದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಅರ್ಜಿ ಸಿದ್ಧವಿತ್ತು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿ ಶುಲ್ಕವಿಲ್ಲ, ಮಾರಾಟಗಾರ ಯಾವ ಊರಿನವನಾದರೂ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅದಕ್ಕೆ ಎರಡು ವರ್ಷದ ಗಡುವಿದೆ. ಅರ್ಜಿ ಹಾಕುವ ಅಗತ್ಯ ಬರಲಿಲ್ಲ. 38ನೆಯ ದಿನ 18,499 ರೂಪಾಯಿ ನನ್ನ ಖಾತೆಗೆ ಮರಳಿತು.

ಆ ನಡುವೆ ಏಜೆನ್ಸಿಗೂ ಒಂದು ಪತ್ರ ಬರೆದಿದ್ದೆ. ಕಾವಲಿಗೆಂದು ಸ್ಪಷ್ಟವಾಗಿ ಒಪ್ಪಿಸಿದ ವಸ್ತು ನೌಕರರ ನಿರ್ಲಕ್ಷ್ಯದಿಂದಲೇ ನೇರವಾಗಿ ಕಳೆದರೆ ಮಾತ್ರ, ಅದೂ ಅವರ ವಿವರಣೆ ಕೇಳಿದ ಮೇಲೆ, ಸಂಬಳದಿಂದ ಹಿಡಿಯಲು ವೇತನದ ಕಾನೂನಿನಲ್ಲಿ ಅವಕಾಶವಿದೆ. ಈ ಪೆಟ್ಟಿಗೆಯನ್ನು ಆಕೆಗೆ ಯಾರೂ ಒಪ್ಪಿಸಿಯೇ ಇರಲಿಲ್ಲ, ಆಕೆ ಇದ್ದದ್ದು ನಿಗದಿಯಾದ ಊಟದ ಬಿಡುವಿನಲ್ಲಿ. ಏಜೆನ್ಸಿಯವರು ಉತ್ತರ ಕೊಡಲಿಲ್ಲ, ಆದರೆ ಆ ತಿಂಗಳ ಸಂಬಳ ಪೂರ್ತಿ ಬಂದಿದೆಯೆಂದು ಆಕೆಯೇ ಮೇಲೆ ಬಂದು ಹೇಳಿದಳು. ಈಗ ಊಟಕ್ಕೆ ಹೋಗುವಾಗ ರಿಜಿಸ್ಟರನ್ನು ಡ್ರಾಯರ್‌ನಲ್ಲಿಟ್ಟು ಬೀಗ ಹಾಕಿ, ಎರಡು ಗಂಟೆಯ ನಂತರ ಬನ್ನಿ ಎಂಬ ಫಲಕವನ್ನು ಕಟ್ಟೆಯ ಮೇಲೆ ಇಟ್ಟುಹೋಗುತ್ತಾಳೆ. ನಾನು ಆ್ಯಪ್‌ನಲ್ಲಿ ಆ ಹಳೆಯ ಗುರುತನ್ನು ತೆಗೆದು, ನನಗೆ ಕರೆ ಮಾಡಿ ನನ್ನ ಕೈಗೇ ಕೊಡಿ, ನಾನು ಸಿಗದಿದ್ದರೆ ಹಿಂದಕ್ಕೆ ಒಯ್ಯಿರಿ ಎಂದು ಬರೆದಿದ್ದೇನೆ.